ಮುದ್ದೆ, ಬಸ್ಸಾರಿನ ತಟ್ಟೆಗೆ ಬಣ್ಣ ತುಂಬುವುದು ಹೇಗೆ?

ಮಂಡ್ಯ, ಮೈಸೂರು ಕಡೆಯ ಮನೆಯೂಟದಲ್ಲಿ ಮುದ್ದೆ ಕಂದು, ಬಸ್ಸಾರು ಕಂದು. ಪಲ್ಯ ಹಸಿರಾಗಿ ಪಾತ್ರೆಗೆ ಇಳಿದಿದ್ದರೂ ತಟ್ಟೆಗೆ ಬರುವಷ್ಟರಲ್ಲಿ ಅದೂ ಕಂದೇ. ತಿಂದು ಬೆಳೆದವರಿಗೆ ಇದೇನೂ ತೊಂದರೆ ಅಲ್ಲ. ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳು ಮಾತ್ರ ತಟ್ಟೆ ನೋಡಿದ ಕೂಡಲೇ ‘ಬೇರೆ ಏನಿದೆ?’ ಅಂತ ಕೇಳುತ್ತಾರೆ.

ಇದಕ್ಕೆ ಟೊಮೆಟೊದಲ್ಲಿ ಗುಲಾಬಿ ಹೂ ಕೆತ್ತಬೇಕಿಲ್ಲ, ಅಂಗಡಿಯಿಂದ ದುಬಾರಿ ತರಕಾರಿಯನ್ನೂ ತರಬೇಕಿಲ್ಲ. ಈ ಊಟದಲ್ಲೇ ಸೊಪ್ಪಿನ ಹಸಿರು, ಬೇಳೆಯ ಹಳದಿ, ಕಾಯಿಯ ಬಿಳಿ, ಈರುಳ್ಳಿಯ ನಸುಗೆಂಪು ಇವೆ. ಅಡುಗೆ ಮಾಡುವಾಗ ಅವು ಒಂದಕ್ಕೊಂದು ಬೆರೆತು ಹೋಗದಂತೆ ನೋಡಿಕೊಂಡು, ಬಡಿಸುವಾಗ ಯಾವುದರ ಪಕ್ಕ ಯಾವುದು ಅಂತ ಯೋಚಿಸಿದರೆ ಆಯಿತು. ನಾಲ್ಕು ಜನರಿಗೆ ದಂಟಿನ ಸೊಪ್ಪು, ತೊಗರಿಬೇಳೆಯ ಬಸ್ಸಾರು ಮಾಡುತ್ತ ಇದನ್ನು ನೋಡೋಣ.

ಕೆಲಸ ಶುರುವಾಗುವುದು ಒಲೆಯ ಮೇಲೆ

ಬಸ್ಸಾರಿಗೆ ಬೇಳೆ, ಸೊಪ್ಪು ಎರಡನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ಮೂರು ವಿಷಲ್ ಕೂಗಿಸುವುದು ಈಗ ರೂಢಿ. ಹಸಿರು ಸಾಯುವುದು ಅಲ್ಲೇ. ಸೊಪ್ಪಿಗೆ ಹಸಿರು ಕೊಡುವ ಕ್ಲೋರೊಫಿಲ್‌ನಲ್ಲಿ ಮೆಗ್ನೀಸಿಯಂ ಇರುತ್ತದೆ. ಬಿಸಿ ತಗಲಿದಾಗ ಎಲೆಯೊಳಗಿನ ಹುಳಿ ಅಂಶ ಹೊರಬಂದು ಆ ಮೆಗ್ನೀಸಿಯಂ ಅನ್ನು ಕಿತ್ತುಹಾಕುತ್ತದೆ. ಆಗ ಎಲೆ ಒಣಗಿದ ಪಾಚಿಯ ಬಣ್ಣಕ್ಕೆ ತಿರುಗುತ್ತದೆ. ಹೆಚ್ಚು ಹೊತ್ತು ಬೆಂದಷ್ಟೂ, ಮುಚ್ಚಳ ಮುಚ್ಚಿ ಹುಳಿಯ ಆವಿಯನ್ನು ಒಳಗೇ ಕೂಡಿಹಾಕಿದಷ್ಟೂ ಇದು ಜಾಸ್ತಿ.

ಹಾಗಾಗಿ ಬೇಳೆಯನ್ನೂ ಸೊಪ್ಪನ್ನೂ ಒಂದೇ ಪಾತ್ರೆಯಲ್ಲಿ, ಆದರೆ ಬೇರೆ ಬೇರೆ ಹೊತ್ತಿಗೆ ಹಾಕಿ. ಒಂದು ಲೋಟ ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಸಿ. ಅಗಲವಾದ ಪಾತ್ರೆಯಲ್ಲಿ ಆರು ಲೋಟ ನೀರು ಕುದಿಸಿ ಬೇಳೆ ಹಾಕಿ. ಇಪ್ಪತ್ತು ನಿಮಿಷದ ಹೊತ್ತಿಗೆ ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿ ನೋಡಿ. ಒತ್ತಿದರೆ ನುರಿಯಬೇಕು, ಪಾತ್ರೆಯಲ್ಲಿ ಮಾತ್ರ ಇಡಿಯಾಗಿ ಉಳಿದಿರಬೇಕು. ಬೇಳೆ ಕರಗಿಬಿಟ್ಟರೆ ಸೊಪ್ಪಿಗೆಲ್ಲ ಮೆತ್ತಿಕೊಂಡು ಹಸಿರನ್ನೂ ಹಳದಿಯನ್ನೂ ಒಟ್ಟಿಗೆ ಕೆಡಿಸುತ್ತದೆ.

ಈಗ ಉರಿ ಜೋರು ಮಾಡಿ, ಹೆಚ್ಚಿದ ಎರಡು ಕಟ್ಟು ಸೊಪ್ಪು ಹಾಕಿ. ಮುಚ್ಚಳ ಬೇಡ. ಎಳೆ ಸೊಪ್ಪಾದರೆ ನಾಲ್ಕೈದು ನಿಮಿಷ ಸಾಕು. ದಂಟು ಬಲಿತಿದ್ದರೆ ಅದನ್ನು ಬೇರೆ ಮಾಡಿ ಬೇಳೆಯ ಜೊತೆ ಮೊದಲೇ ಬೇಯಲು ಬಿಡಿ. ಸೊಪ್ಪು ಬೆಂದ ಕೂಡಲೇ ಬಸಿದು, ಆ ನೀರನ್ನು, ಅಂದರೆ ಕಟ್ಟನ್ನು, ಸಾರಿಗೆ ಎತ್ತಿಡಿ. ಬಸಿದದ್ದನ್ನು ಜರಡಿಯಲ್ಲಿ ಗುಡ್ಡೆಯಾಗಿ ಬಿಡಬೇಡಿ. ಗುಡ್ಡೆಯ ನಡುವಿನ ಬಿಸಿಗೆ ಸೊಪ್ಪು ಬೇಯುತ್ತಲೇ ಇರುತ್ತದೆ. ಅಗಲ ತಟ್ಟೆಗೆ ಹರಡಿ ಆರಲು ಬಿಡಿ.

ಚಿಟಿಕೆ ಅಡುಗೆ ಸೋಡ ಹಾಕಿದರೆ ಹಸಿರು ಉಳಿಯುತ್ತದೆ ಅಂತ ಹೇಳುವವರಿದ್ದಾರೆ. ಉಳಿಯುವುದು ನಿಜವೇ. ಆದರೆ ಸೊಪ್ಪು ಲೋಳೆ ಲೋಳೆಯಾಗುತ್ತದೆ, ಕೆಲವು ವಿಟಮಿನ್ನುಗಳೂ ಹಾಳಾಗುತ್ತವೆ. ನಾನಂತೂ ಹಾಕುವುದಿಲ್ಲ.

ಕೆಂಪು ದಂಟು ಸಿಕ್ಕಿದ್ದರೆ ಲೆಕ್ಕ ಬದಲಾಗುತ್ತದೆ. ಅದರ ಕೆಂಪು ನೀರಿನಲ್ಲಿ ಕರಗುವಂಥದ್ದು, ಬೀಟ್‌ರೂಟಿನ ಹಾಗೆ. ಕಟ್ಟು ಕೆಂಪಾಗುತ್ತದೆ, ಸೊಪ್ಪು ಪೇಲವವಾಗುತ್ತದೆ. ರುಚಿಗೆ ಏನೂ ಕಮ್ಮಿಯಿಲ್ಲ. ತಟ್ಟೆಯ ಅಂದ ಬೇಕಿದ್ದ ದಿನ ಮಾತ್ರ ಹಸಿರು ದಂಟನ್ನೇ ಆರಿಸಿಕೊಳ್ಳಿ.

ಪಲ್ಯದಲ್ಲಿ ಮೂರು ಬಣ್ಣ, ಸಾರಿನಲ್ಲಿ ಒಂದು

ಪಲ್ಯದ ಒಗ್ಗರಣೆಗೆ ಎರಡು ಚಮಚ ಎಣ್ಣೆ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಎರಡು ಮೂರು ಬ್ಯಾಡಗಿ ಮೆಣಸಿನಕಾಯಿ. ಬ್ಯಾಡಗಿಯಲ್ಲಿ ಖಾರ ಕಡಿಮೆ, ಕೆಂಪು ಜಾಸ್ತಿ. ಒಂದನ್ನು ಮುರಿಯದೆ ಇಡಿಯಾಗಿ ಹಾಕಿ, ಅದು ಉಬ್ಬಿದ ಕೂಡಲೇ ಎತ್ತಿಟ್ಟುಕೊಳ್ಳಿ. ಇನ್ನೊಂದು ಕ್ಷಣ ಬಿಟ್ಟರೂ ಕರಿದು ಕಪ್ಪಾಗುತ್ತದೆ. ಸೊಪ್ಪು, ಬೇಳೆ, ಉಪ್ಪು ಹಾಕಿ ಎರಡು ನಿಮಿಷ ತಿರುವಿ ಒಲೆ ಆರಿಸಿ. ಅರಿಶಿನ ಬೇಡ. ತೊಗರಿಬೇಳೆಗೆ ತನ್ನದೇ ಹಳದಿ ಇದೆ. ಅರಿಶಿನ ಬಿದ್ದರೆ ಕಾಯಿತುರಿಯೂ ಬೆಳ್ಳುಳ್ಳಿಯೂ ಅದೇ ಹಳದಿಗೆ ತಿರುಗಿ ಎಲ್ಲ ಒಂದಾಗುತ್ತವೆ.

ಕಾಯಿಯನ್ನು ಅರ್ಧ ಲೋಟದಷ್ಟು ತುರಿಯಿರಿ. ಚಿಪ್ಪಿನ ಹತ್ತಿರದ ಕಂದು ಸಿಪ್ಪೆ ತುರಿಗೆ ಬರುವ ಮೊದಲೇ ನಿಲ್ಲಿಸಿ, ಉಳಿದದ್ದನ್ನು ಸಾರಿನ ಖಾರಕ್ಕೆ ಬಳಸಿಕೊಳ್ಳಿ. ತುರಿಯಲ್ಲಿ ಮುಕ್ಕಾಲು ಪಾಲು ಈಗ ಪಲ್ಯಕ್ಕೆ. ಕಾಲು ಪಾಲು ಹಾಗೇ ಇರಲಿ, ಬಡಿಸುವಾಗ ಮೇಲೆ ಉದುರಿಸಲು.

ಸಾರಿನ ಖಾರ ರುಬ್ಬುವಾಗ ಬೆಂದ ಸೊಪ್ಪು, ಬೇಳೆಯನ್ನು ಒಂದು ಸೌಟು ಸೇರಿಸುವುದು ಪದ್ಧತಿ, ಸಾರು ಗಟ್ಟಿ ಬರಲಿ ಅಂತ. ಇಲ್ಲಿ ಆದಷ್ಟೂ ಬೇಳೆಯನ್ನೇ ಆರಿಸಿ ಹಾಕಿ. ರುಬ್ಬಿದ ಸೊಪ್ಪಿನ ಹಸಿರು, ಮೆಣಸಿನಕಾಯಿಯ ಕೆಂಪು ಸೇರಿದರೆ ಸಿಗುವುದು ಮಣ್ಣಿನ ಬಣ್ಣ. ಬರೀ ಬೇಳೆಯಾದರೆ ಸಾರು ಇಟ್ಟಿಗೆಗೆಂಪಿನ ಕಡೆಗೆ ವಾಲುತ್ತದೆ. ಹುಣಸೆಹಣ್ಣು ಸಾರಿಗಷ್ಟೇ. ಹುಳಿ ಸೊಪ್ಪಿನ ಹತ್ತಿರವೂ ಸುಳಿಯಬಾರದು, ಯಾಕೆ ಅಂತ ಮೇಲೆಯೇ ಹೇಳಿದ್ದೇನೆ.

ಎಲ್ಲಕ್ಕಿಂತ ಅಗ್ಗದ ಬಣ್ಣ

ಮುದ್ದೆ ಜೊತೆ ಹಸಿ ಈರುಳ್ಳಿ ಕಚ್ಚುವುದು ಹೇಗೂ ಇದ್ದದ್ದೇ. ಅದನ್ನೇ ತೆಳ್ಳಗೆ ಬಿಲ್ಲೆ ಮಾಡಿ, ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣಿನ ರಸ ಹಾಕಿ ಕಿವುಚಿ ಕಾಲು ಗಂಟೆ ಬಿಡಿ. ಮಾಸಲು ನೇರಳೆ ಹೋಗಿ ಹೊಳೆಯುವ ಗುಲಾಬಿ ಬಣ್ಣ ಬರುತ್ತದೆ. ಕೆಂಪು ಈರುಳ್ಳಿಯ ಬಣ್ಣ ಹುಳಿ ತಗಲಿದರೆ ಗುಲಾಬಿಗೆ ತಿರುಗುವಂಥದ್ದು. ಸೊಪ್ಪನ್ನು ಕೆಡಿಸುವ ಅದೇ ಹುಳಿ ಇಲ್ಲಿ ಸಹಾಯಕ್ಕೆ ಬರುತ್ತದೆ, ನೋಡಿ. ಬಿಳಿ ಈರುಳ್ಳಿಯಲ್ಲಿ ಇದು ಆಗುವುದಿಲ್ಲ. ತಟ್ಟೆಗೆ ಹಾಕುವ ಮುಂಚೆ ರಸವನ್ನು ಪೂರ್ತಿ ಹಿಂಡಿ.

ಬಡಿಸುವುದು

ಬಣ್ಣಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ತಿಳಿ, ಗಾಢದ ವ್ಯತ್ಯಾಸ. ಹಸಿರು, ಕೆಂಪು ಬಣ್ಣಚಕ್ರದಲ್ಲಿ ಎದುರುಬದುರು ಇರುವುದು ಸರಿ. ಎರಡೂ ಅಷ್ಟೇ ಗಾಢವಾಗಿದ್ದರೆ ಮಾತ್ರ ಸ್ವಲ್ಪ ದೂರದಿಂದ ಒಂದೇ ಕಪ್ಪು ಮುದ್ದೆಯಂತೆ ಕಾಣುತ್ತವೆ. ನಮ್ಮ ತಟ್ಟೆಯಲ್ಲಿ ಅತಿ ಗಾಢವಾದದ್ದು ರಾಗಿ ಮುದ್ದೆ. ಅದರ ಪಕ್ಕಕ್ಕೆ ಬರಬೇಕಾದದ್ದು ಅತಿ ತಿಳಿಯಾದದ್ದು.

ಸ್ಟೀಲ್ ತಟ್ಟೆಯನ್ನೇ ತೆಗೆದುಕೊಳ್ಳೋಣ. ಮುದ್ದೆಯನ್ನು ನಡುವಿಗಿಂತ ಸ್ವಲ್ಪ ಬಲಕ್ಕೆ ಇಡಿ, ಕೈಗೆ ಹತ್ತಿರವಾಗಿ. ಒದ್ದೆ ಕೈಯಲ್ಲಿ ಕೊನೆಯ ಸಲ ಉರುಳಿಸಿದರೆ ಮೈ ನುಣ್ಣಗೆ ಹೊಳೆಯುತ್ತದೆ. ಆ ಹೊಳಪು ಕೆಲವೇ ನಿಮಿಷದ್ದು, ಆಮೇಲೆ ಒಣಗಿ ಬೂದಿ ಹಿಡಿದಂತೆ ಕಾಣುತ್ತದೆ. ಆದ್ದರಿಂದ ಮುದ್ದೆ ಕಟ್ಟುವುದು ಕೊನೆಗೆ, ಎಲ್ಲರೂ ಕೂತ ಮೇಲೆ. ನೆತ್ತಿಯಲ್ಲಿ ಹೆಬ್ಬೆರಳಿಂದ ಸಣ್ಣ ಗುಳಿ ಒತ್ತಿ ತುಪ್ಪ ಬಿಡಿ.

ಪಲ್ಯವನ್ನು ಎಡಗಡೆ ಮೇಲ್ಭಾಗಕ್ಕೆ, ಹರಡದೆ ಗುಡ್ಡೆಯಾಗಿ ಹಾಕಿ. ಎತ್ತಿಟ್ಟ ಕಾಯಿತುರಿಯನ್ನು ಗುಡ್ಡೆಯ ತುದಿಗೆ ಮಾತ್ರ ಉದುರಿಸಿ, ಅದರ ಮೇಲೆ ಆ ಇಡೀ ಕೆಂಪು ಮೆಣಸಿನಕಾಯಿ ಇಡಿ. ಹಸಿರು, ಬಿಳಿ, ಕೆಂಪು ಮೂರೂ ಒಂದೇ ಕಡೆ ಬಂದವು. ಕೆಂಪು ಇಷ್ಟೇ ಇರಲಿ. ಜಾಸ್ತಿಯಾದರೆ ಕಣ್ಣು ಬೇರೆಯದರ ಕಡೆ ಹೋಗುವುದೇ ಇಲ್ಲ. ಗುಲಾಬಿ ಈರುಳ್ಳಿ ಮುದ್ದೆಗೆ ತಾಗಿಕೊಂಡೇ ಇರಲಿ, ಕಂದಿನ ಪಕ್ಕ ಅದು ಎದ್ದು ಕಾಣುತ್ತದೆ. ಒಂದು ಹೋಳು ನಿಂಬೆಹಣ್ಣು ತಟ್ಟೆಯ ಅಂಚಿಗೆ.

ಸಾರು ಎಲ್ಲಿ? ಮೊದಲು ಬಟ್ಟಲಿನಲ್ಲಿ. ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿ ನುಂಗುವ ನಮ್ಮ ಕಡೆಯವರಿಗೆ ಬಟ್ಟಲು ಸಾಕಾಗುವುದಿಲ್ಲ, ನನಗೆ ಗೊತ್ತು. ಊಟಕ್ಕೆ ಕೈ ಹಾಕಿದ ಮೇಲೆ ತಟ್ಟೆಗೇ ಬಿಡಿ, ಯಾರು ಬೇಡ ಅಂದರು? ಬಡಿಸುವಾಗಲೇ ಸುರಿದರೆ ಸಾರು ಹರಿದು ಪಲ್ಯದ ಬುಡ ಸೇರುತ್ತದೆ, ಅಷ್ಟು ಜೋಪಾನ ಮಾಡಿದ ಹಸಿರು ಅಲ್ಲಿಗೆ ಮುಗಿಯಿತು. ಅನ್ನವನ್ನೂ ಈಗ ಹಾಕಬೇಡಿ. ಮುದ್ದೆ ಮುಗಿದ ಮೇಲೆ ತಾನೇ ಅನ್ನ? ಅದರ ಜಾಗ ಖಾಲಿ ಇರಲಿ. ಕಾಲುಭಾಗ ತಟ್ಟೆ ಖಾಲಿ ಇದ್ದರೇನೇ ಉಳಿದದ್ದು ಬಿಡಿಬಿಡಿಯಾಗಿ ಕಾಣುವುದು. ಕೊನೆಗೆ ಅಂಚಿನ ಮೇಲೆ ಸಿಡಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಸರಿಯಾಗಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಮುದ್ದೆ ಕಪ್ಪಾಗಿ, ಕಾಯಿತುರಿ ಬೆಳ್ಳಗೆ, ಪಲ್ಯ ನಡುವಿನ ಬೂದಿಯಾಗಿ ಕಂಡರೆ ಸರಿ. ಎಲ್ಲ ಒಂದೇ ಬೂದಿಯಾಗಿದ್ದರೆ ಇನ್ನಷ್ಟು ಬಣ್ಣ ಸೇರಿಸಿ ಪ್ರಯೋಜನವಿಲ್ಲ, ತಿಳಿಯಾದದ್ದೇ ಬೇಕು: ಕಾಯಿ, ಮೊಸರು, ಸೌತೆಕಾಯಿ. ಫೋಟೊ ತೆಗೆಯುವಾಗ ಕಿಟಕಿಯ ಪಕ್ಕ ಕೂತು, ಬೆಳಕು ಒಂದು ಬದಿಯಿಂದ ಬರುವಂತೆ ನೋಡಿಕೊಳ್ಳಿ. ನೀಲಿ ಛಾಯೆಯ ಬಿಳಿ ಟ್ಯೂಬ್‌ಲೈಟ್ ಕೆಳಗೆ ರಾಗಿ ಸತ್ತಂತೆ ಕಾಣುತ್ತದೆ. ಊಟದ ಕೋಣೆಗೆ ಹಳದಿ ಬೆಳಕಿನ ಬಲ್ಬ್ ಒಳ್ಳೆಯದು.

ಬಾಳೆಎಲೆ ಹಾಕಿದ ದಿನ

ಎಲೆಯೇ ಹಸಿರು, ಅಲ್ವಾ? ಅದರ ಮೇಲೆ ಸೊಪ್ಪಿನ ಪಲ್ಯ ಇಟ್ಟರೆ ಕಾಣುವುದೇ ಇಲ್ಲ. ಆ ದಿನ ಹೆಸರುಬೇಳೆ ಕೋಸಂಬರಿ ಮಾಡಿ. ಹಳದಿ ಬೇಳೆ, ಕಿತ್ತಳೆ ಬಣ್ಣದ ಕ್ಯಾರೆಟ್, ಬಿಳಿ ಕಾಯಿ ಎಲ್ಲ ಎಲೆಯ ಮೇಲೆ ಮಿಂಚುತ್ತವೆ. ಕ್ಯಾರೆಟ್ಟಿನ ಬಣ್ಣ ನೀರಿಗೆ ಬಿಡುವುದಿಲ್ಲ, ಆದ್ದರಿಂದ ಪಕ್ಕದ್ದಕ್ಕೆ ಹತ್ತುವುದೂ ಇಲ್ಲ. ಬೀಟ್‌ರೂಟ್ ತುರಿ ಹಾಕಿದರೆ ಹತ್ತು ನಿಮಿಷದಲ್ಲಿ ಇಡೀ ಕೋಸಂಬರಿ ಗುಲಾಬಿ. ಹಾಕಲೇಬೇಕಿದ್ದರೆ ಬೇರೆಯಾಗಿ ಬಡಿಸಿ. ಕೋಸಂಬರಿಗೆ ಉಪ್ಪು, ನಿಂಬೆರಸ ಬೀಳುವುದು ಎಲೆಗೆ ಬಡಿಸುವ ಮುಂಚಿನ ಕ್ಷಣದಲ್ಲಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಎಲೆಯ ಮೇಲೆ ಹರಿಯುತ್ತದೆ.