‘ರೀಫಂಡ್’ ಎಂದು ಬಂದ ವಿನಂತಿಗೆ ಪಿನ್ ಒತ್ತುವ ಮುನ್ನ

ಹಿಂದಿರುಗಿಸಿದ ವಸ್ತುವಿನ 1,499 ರೂಪಾಯಿ ನಿಮಗೆ ಬರಬೇಕಿದೆ ಎಂದುಕೊಳ್ಳಿ. ಒಬ್ಬರು ಕರೆ ಮಾಡಿ, “ಸರ್, ರೀಫಂಡ್ ಕಳುಹಿಸಿದ್ದೇವೆ, ಒಪ್ಪಿಗೆ ಕೊಟ್ಟುಬಿಡಿ” ಎನ್ನುತ್ತಾರೆ. ಯುಪಿಐ ಆ್ಯಪ್ ತೆರೆದರೆ ನಿಜಕ್ಕೂ ‘ರೀಫಂಡ್’ ಎಂಬ ಟಿಪ್ಪಣಿಯೊಂದಿಗೆ ಅಷ್ಟೇ ಮೊತ್ತದ ವಿನಂತಿ ಕಾಣುತ್ತದೆ.

ಮೋಸ ಇರುವುದು ಆ ಟಿಪ್ಪಣಿಯಲ್ಲೇ. ಅದನ್ನು ಬರೆದದ್ದು ಬ್ಯಾಂಕೂ ಅಲ್ಲ, ಆ್ಯಪೂ ಅಲ್ಲ, ಹಣ ಕೇಳುತ್ತಿರುವವನೇ. ಅಲ್ಲಿ ಅವನು ಏನು ಬೇಕಾದರೂ ಬರೆಯಬಹುದು. ಹಾಗಾಗಿ ಟಿಪ್ಪಣಿ ಬಿಟ್ಟು ಗುಂಡಿಯ ಮೇಲಿನ ಪದ ಓದಿ. ‘ಪೇ’ ಎಂದಿದ್ದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ನಿಜವಾದ ರೀಫಂಡ್ ನಿಮ್ಮನ್ನು ಏನೂ ಕೇಳದೆ ಖಾತೆಗೆ ಬಂದು ಬೀಳುತ್ತದೆ.

ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ವಿನಂತಿಗಳನ್ನು ನಿಲ್ಲಿಸಲು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಅಕ್ಟೋಬರ್ 1ರ ಗಡುವು ಕೊಟ್ಟಿತ್ತು. ಆದರೆ ವ್ಯಾಪಾರಿ ಖಾತೆಗಳಿಂದ ಬರುವ ವಿನಂತಿಗಳಿಗೆ ಆ ತಡೆ ಇಲ್ಲ; ಕ್ಯೂಆರ್ ಕೋಡ್ ಕಳುಹಿಸಿ ‘ಸ್ಕ್ಯಾನ್ ಮಾಡಿದರೆ ಹಣ ಬರುತ್ತದೆ’ ಎನ್ನುವವರೂ ಇದ್ದಾರೆ. ಎರಡಕ್ಕೂ ಇದೇ ಪರೀಕ್ಷೆ ಸಾಕು.

ವಿನಂತಿಯನ್ನು ತಿರಸ್ಕರಿಸಿ, ಕಳುಹಿಸಿದವರನ್ನು ಬ್ಲಾಕ್ ಮಾಡಿ. ಪಿನ್ ಒತ್ತಿ ಆಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವಹಿವಾಟಿನ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ದೂರು ಬೇಗ ತಲುಪಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.