ಒಂದು ಲಕ್ಷದ ಎರಡು ಕಟ್ಟು: M0, M1, M3 ಲೆಕ್ಕ ಬಿಡಿಸುವುದು ಹೇಗೆ?

ಅಡಿಕೆ ಕೊಯ್ಲಿನ ದಿನಗಳಲ್ಲಿ ಸಾಗರದ ಕಡೆಯ ಬ್ಯಾಂಕುಗಳಲ್ಲಿ ಇದು ದಿನಾ ನಡೆಯುತ್ತದೆ. ಶಿವಮೊಗ್ಗದ ಮಂಡಿಯಲ್ಲಿ ರಾಶಿ ಅಡಿಕೆ ಮಾರಿದ ದುಡ್ಡು ಬೆಳೆಗಾರರ ಖಾತೆಗೆ ಬಂದಿರುತ್ತದೆ. ಕೊನೆಗೌಡನಿಗೂ ಸುಲಿಯುವವರಿಗೂ ಕೂಲಿ ಬಟವಾಡೆ ಆಗಬೇಕು. ಬೆಳೆಗಾರರು ಚೀಟಿ ಬರೆದು ಒಳಗೆ ಕೊಡುತ್ತಾರೆ. ಕ್ಯಾಷಿಯರು ಐನೂರರ ಎರಡು ಕಟ್ಟನ್ನು ಯಂತ್ರಕ್ಕೆ ಹಾಕಿ ಎಣಿಸಿ, ರಬ್ಬರ್ ಬ್ಯಾಂಡ್ ಬಿಗಿದು ಗಾಜಿನ ಕಿಂಡಿಯಿಂದ ಈಚೆ ತಳ್ಳುತ್ತಾರೆ. ಒಂದು ಲಕ್ಷ ರೂಪಾಯಿ.

ಇದರಿಂದ ದೇಶದ ಹಣದ ಪೂರೈಕೆ ಹೆಚ್ಚಿತೇ? ದ್ವಿತೀಯ ಪಿಯುಸಿ ತರಗತಿಯಲ್ಲಿ ಈ ಪ್ರಶ್ನೆ ಹಾಕಿದಾಗಲೆಲ್ಲ ‘ಹೆಚ್ಚಿತು’ ಎಂಬ ಉತ್ತರವೇ ನನಗೆ ಮೊದಲು ಸಿಕ್ಕಿದೆ. ನೋಟು ಕಣ್ಣೆದುರೇ ಹೊರಗೆ ಬಂತಲ್ಲ! ಆದರೆ M0, M1, M3 ಮೂರರಲ್ಲಿ ಒಂದೂ ಒಂದು ಪೈಸೆ ಕದಲಿಲ್ಲ. ಏಕೆಂದು ತಿಳಿದರೆ ಈ ಪಾಠದ ಲೆಕ್ಕಗಳಲ್ಲಿ ಬಹುಪಾಲು ಬಿಡಿಸಿದಂತೆಯೇ.

ಮೊದಲ ಹೆಜ್ಜೆ: ದುಡ್ಡು ಯಾರ ಕೈಯಲ್ಲಿದೆ ಎಂದು ಕೇಳಿಕೊಳ್ಳಿ

ಮೂಲ ಹಣ, ಅಂದರೆ M0, ರಿಸರ್ವ್ ಬ್ಯಾಂಕಿನ ಕಡೆಯಿಂದ ನೋಡುವ ಲೆಕ್ಕ. ಚಲಾವಣೆಯಲ್ಲಿರುವ ನೋಟು ನಾಣ್ಯಗಳೆಲ್ಲ ಇದರಲ್ಲಿ ಬರುತ್ತವೆ. ಅವು ಜನರ ಜೇಬಿನಲ್ಲಿರಲಿ, ಬ್ಯಾಂಕಿನ ತಿಜೋರಿಯಲ್ಲಿರಲಿ, ವ್ಯತ್ಯಾಸವಿಲ್ಲ. ಅದಕ್ಕೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಟ್ಟಿರುವ ಠೇವಣಿಯನ್ನೂ ಅಲ್ಲಿನ ‘ಇತರ ಠೇವಣಿ’ಗಳನ್ನೂ ಕೂಡಿಸಬೇಕು. ‘ಇತರ’ ಎಂದರೆ ವಿದೇಶಿ ಕೇಂದ್ರ ಬ್ಯಾಂಕುಗಳಂಥವರ ಠೇವಣಿ. ಸರ್ಕಾರ ರಿಸರ್ವ್ ಬ್ಯಾಂಕಿನಲ್ಲಿ ಇಟ್ಟಿರುವ ಹಣ ಇದರಲ್ಲಿ ಸೇರುವುದಿಲ್ಲ. ಪ್ರಶ್ನೆಯಲ್ಲಿ ಆ ಅಂಕಿ ಕೊಟ್ಟಿದ್ದರೆ ನಿಮ್ಮನ್ನು ಪರೀಕ್ಷಿಸಲು ಕೊಟ್ಟಿದ್ದಾರೆ ಅಂತಲೇ ತಿಳಿಯಿರಿ.

ಸಂಕುಚಿತ ಹಣ, M1, ಜನರ ಕಡೆಯಿಂದ ನೋಡುವ ಲೆಕ್ಕ. ಸಾರ್ವಜನಿಕರ ಕೈಯಲ್ಲಿರುವ ಕರೆನ್ಸಿ, ಬ್ಯಾಂಕುಗಳಲ್ಲಿರುವ ನಿವ್ವಳ ಬೇಡಿಕೆ ಠೇವಣಿ, ರಿಸರ್ವ್ ಬ್ಯಾಂಕಿನ ಇತರ ಠೇವಣಿ. ಇಲ್ಲಿ ತಿಜೋರಿಯ ನಗದನ್ನು ಕಳೆಯಬೇಕು. ಆ ನಗದಿನ ಮೇಲೆ ಯಾರೋ ಠೇವಣಿದಾರರಿಗೆ ಹಕ್ಕಿದೆ, ಆ ಹಕ್ಕನ್ನು ಬೇಡಿಕೆ ಠೇವಣಿ ಎಂದು ಆಗಲೇ ಎಣಿಸಿದ್ದೇವೆ. ನೋಟನ್ನೂ ಕೂಡಿಸಿದರೆ ಒಂದೇ ದುಡ್ಡು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ‘ನಿವ್ವಳ’ ಎಂಬ ಮಾತೂ ಇದೇ ಕಾರಣಕ್ಕೆ ಬಂದದ್ದು: ಒಂದು ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ಇಟ್ಟ ಠೇವಣಿ ಜನರ ಹಣವಲ್ಲ, ಅದನ್ನು ತೆಗೆಯಬೇಕು.

ವಿಶಾಲ ಹಣ, M3, ಸುಲಭ. M1ಕ್ಕೆ ಅವಧಿ ಠೇವಣಿ ಕೂಡಿಸಿದರೆ ಮುಗಿಯಿತು. ಉಳಿದ ಎರಡು ಅಂಚೆ ಕಚೇರಿಯವು. M1ಕ್ಕೆ ಅಂಚೆ ಉಳಿತಾಯ ಠೇವಣಿ ಸೇರಿದರೆ M2. M3ಕ್ಕೆ ಅಂಚೆ ಕಚೇರಿಯ ಒಟ್ಟು ಠೇವಣಿ ಸೇರಿದರೆ M4, ಇದರಲ್ಲಿ ರಾಷ್ಟ್ರೀಯ ಉಳಿತಾಯ ಪತ್ರಗಳು ಇರುವುದಿಲ್ಲ. ಈ ನಾಲ್ಕು ಅಳತೆಗಳನ್ನು ರಿಸರ್ವ್ ಬ್ಯಾಂಕು 1977ರಿಂದ ಬಳಕೆಗೆ ತಂದಿತು.

ಉಳಿತಾಯ ಖಾತೆ ಎಲ್ಲಿಗೆ ಸೇರುತ್ತದೆ ಎಂದು ಹಲವರು ಕೇಳುತ್ತಾರೆ. ರಿಸರ್ವ್ ಬ್ಯಾಂಕು ಅದನ್ನು ಬೇಡಿಕೆಯ ಭಾಗ, ಅವಧಿಯ ಭಾಗ ಎಂದು ಒಡೆದು ಎರಡೂ ಕಡೆ ಹಂಚುತ್ತದೆ. ಪಠ್ಯದ ಲೆಕ್ಕದಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಚಾಲ್ತಿ ಖಾತೆಯ ಜೊತೆ ಬೇಡಿಕೆ ಠೇವಣಿಯಲ್ಲೇ ಇಟ್ಟುಕೊಳ್ಳಿ.

ಎರಡನೇ ಹೆಜ್ಜೆ: ಒಂದು ಲೆಕ್ಕ ಬಿಡಿಸೋಣ

ಅಂಕಿಗಳು ಅಭ್ಯಾಸಕ್ಕೆ ನಾನು ಕಟ್ಟಿದವು, ಎಲ್ಲ ಕೋಟಿ ರೂಪಾಯಿಗಳಲ್ಲಿ. ಚಲಾವಣೆಯ ಕರೆನ್ಸಿ 1,000. ಅದರಲ್ಲಿ ಬ್ಯಾಂಕುಗಳ ತಿಜೋರಿಯಲ್ಲಿರುವುದು 80. ರಿಸರ್ವ್ ಬ್ಯಾಂಕಿನಲ್ಲಿ ಬ್ಯಾಂಕುಗಳ ಠೇವಣಿ 200, ಸರ್ಕಾರದ ಠೇವಣಿ 15, ಇತರ ಠೇವಣಿ 10. ಬ್ಯಾಂಕುಗಳ ಒಟ್ಟು ಬೇಡಿಕೆ ಠೇವಣಿ 700, ಅದರಲ್ಲಿ ಬ್ಯಾಂಕುಗಳ ನಡುವಿನದು 50. ಅವಧಿ ಠೇವಣಿ 3,000. ಅಂಚೆ ಕಚೇರಿಯ ಒಟ್ಟು ಠೇವಣಿ 160, ಅದರಲ್ಲಿ ಉಳಿತಾಯ ಠೇವಣಿ 60.

ಸೂತ್ರಕ್ಕೆ ಕೈ ಹಾಕುವ ಮೊದಲು ಎರಡು ಅಂಕಿಗಳನ್ನು ಶುದ್ಧ ಮಾಡಿಕೊಳ್ಳಿ. ಜನರ ಕೈಯ ಕರೆನ್ಸಿ 1,000 − 80 = 920. ನಿವ್ವಳ ಬೇಡಿಕೆ ಠೇವಣಿ 700 − 50 = 650. ಸರ್ಕಾರದ 15ರ ಮೇಲೆ ಗೆರೆ ಎಳೆಯಿರಿ.

```
M0 = 1000 + 200 + 10 = 1210
M1 = 920 + 650 + 10  = 1580
M2 = 1580 + 60       = 1640
M3 = 1580 + 3000     = 4580
M4 = 4580 + 160      = 4740
```

M4 ಬರೆಯುವಾಗ 60ನ್ನು ಮತ್ತೆ ಕೂಡಿಸಿ 4,800 ಎಂದು ಬರೆಯುವವರಿದ್ದಾರೆ. ಆ 60 ಒಟ್ಟು 160ರ ಒಳಗೇ ಇದೆ. M3 ಕಟ್ಟುವಾಗಲೂ M1ರಿಂದ ಹೊರಡಬೇಕು, M2ರಿಂದ ಅಲ್ಲ. ಹಣದ ಗುಣಕ ಕೇಳಿದ್ದರೆ M3ನ್ನು M0ಯಿಂದ ಭಾಗಿಸಿ: 4580 / 1210, ಸುಮಾರು 3.79.

ಮೂರನೇ ಹೆಜ್ಜೆ: ದುಡ್ಡು ಓಡಾಡಿದಾಗ

ಈಗ ಆ ಕಟ್ಟುಗಳಿಗೆ ಮರಳೋಣ. ನೋಟು ತಿಜೋರಿಯಿಂದ ಬೆಳೆಗಾರರ ಚೀಲಕ್ಕೆ ಹೋಯಿತು. M0ಗೆ ಎರಡು ಜಾಗವೂ ಚಲಾವಣೆಯೇ, ಹಾಗಾಗಿ ಬದಲಾವಣೆಯಿಲ್ಲ. M1ರಲ್ಲಿ ಜನರ ಕರೆನ್ಸಿ ಒಂದು ಲಕ್ಷ ಏರಿತು, ಬೇಡಿಕೆ ಠೇವಣಿ ಒಂದು ಲಕ್ಷ ಇಳಿಯಿತು. ಮೊತ್ತ ಇದ್ದಷ್ಟೇ ಇದೆ, M3 ಕೂಡ.

ಅವರು ಹಣ ತೆಗೆಯದೆ, ಅದೇ ಲಕ್ಷವನ್ನು ಒಂದು ವರ್ಷಕ್ಕೆ ಎಫ್‌ಡಿ ಇಟ್ಟರೆ? ಬೇಡಿಕೆ ಠೇವಣಿ ಅವಧಿ ಠೇವಣಿಯಾಯಿತು. M1 ಒಂದು ಲಕ್ಷ ಇಳಿಯುತ್ತದೆ, M3 ಹಾಗೇ ಇರುತ್ತದೆ, M0ಗೆ ಸುದ್ದಿಯೇ ಮುಟ್ಟುವುದಿಲ್ಲ.

ತೋಟಕ್ಕೆ ಪಂಪ್‌ಸೆಟ್ ಹಾಕಿಸಲು ಬ್ಯಾಂಕು ಒಂದು ಲಕ್ಷ ಸಾಲ ಮಂಜೂರು ಮಾಡಿ ಖಾತೆಗೆ ಜಮಾ ಮಾಡಿತು ಎನ್ನಿ. ಯಾರ ಖಾತೆಯಿಂದಲೂ ಕಡಿಮೆಯಾಗದೆ ಹೊಸ ಬೇಡಿಕೆ ಠೇವಣಿ ಹುಟ್ಟಿತು. M1, M3 ಎರಡೂ ಒಂದು ಲಕ್ಷ ಏರಿದವು, M0 ಏರಲಿಲ್ಲ. ರಿಸರ್ವ್ ಬ್ಯಾಂಕು ಒಂದು ಬ್ಯಾಂಕಿನಿಂದ ಒಂದು ಲಕ್ಷದ ಸಾಲಪತ್ರ ಕೊಂಡರೆ ಇದರ ತಿರುವುಮುರುವು: ಬ್ಯಾಂಕಿನ ಮೀಸಲು ಬೆಳೆದು M0 ತಕ್ಷಣ ಏರುತ್ತದೆ, ಬ್ಯಾಂಕು ಆ ಬಲದ ಮೇಲೆ ಸಾಲ ಕೊಡುವವರೆಗೆ M1 ಅಲುಗುವುದಿಲ್ಲ. ಈ ಎರಡನ್ನು ಅಕ್ಕಪಕ್ಕ ಬರೆದು ನೋಡಿ. ಹಣದ ಗುಣಕ ಸ್ಥಿರ ಸಂಖ್ಯೆಯಲ್ಲ ಎನ್ನುವುದು ಅಲ್ಲೇ ಕಾಣುತ್ತದೆ.

ಕೊನೆಗೆ ಉತ್ತರ ತಾಳೆ ನೋಡಿ

M1ರಿಂದ M0 ಕಳೆದರೆ ಬರುವ ವ್ಯತ್ಯಾಸ, ನಿವ್ವಳ ಬೇಡಿಕೆ ಠೇವಣಿಯಿಂದ ಬ್ಯಾಂಕುಗಳ ಮೀಸಲು ಕಳೆದಷ್ಟೇ ಇರಬೇಕು. ಮೀಸಲು ಎಂದರೆ ತಿಜೋರಿಯ ನಗದು ಮತ್ತು ರಿಸರ್ವ್ ಬ್ಯಾಂಕಿನಲ್ಲಿಟ್ಟ ಠೇವಣಿ, ನಮ್ಮ ಲೆಕ್ಕದಲ್ಲಿ 280.

```
M1 - M0 = 1580 - 1210 = 370
650 - (80 + 200)      = 370
```

ತಿಜೋರಿಯ ನಗದು ಕಳೆಯಲು ಮರೆತಿದ್ದರೆ M1 1,660 ಬಂದು ವ್ಯತ್ಯಾಸ 450 ಆಗುತ್ತಿತ್ತು. ಹೆಚ್ಚು ಬಂದ 80 ತಪ್ಪು ಎಲ್ಲಿದೆ ಎಂದು ತಾನೇ ತೋರಿಸುತ್ತದೆ. ಸರ್ಕಾರದ ಠೇವಣಿಯನ್ನು M0ಗೆ ಸೇರಿಸಿದ್ದರೆ ವ್ಯತ್ಯಾಸ 15 ಕಡಿಮೆ ಬರುತ್ತಿತ್ತು. ಆದರೆ ಬ್ಯಾಂಕುಗಳ ನಡುವಿನ 50 ಕಳೆಯಲು ಮರೆತರೆ ಈ ತಾಳೆಯಲ್ಲಿ ಸಿಕ್ಕಿಬೀಳುವುದಿಲ್ಲ, ಎರಡೂ ಸಾಲಿನಲ್ಲಿ ಅದೇ 700 ಕೂತಿರುತ್ತದೆ. ಅದೊಂದನ್ನು ಪ್ರಶ್ನೆ ಓದುವಾಗಲೇ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಟ್ಟುಕೊಳ್ಳಿ.