ಡಮ್ಮಿ ತಲೆಗೆ ಬಿಸಿ ಇರುವುದಿಲ್ಲ

ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಹಿಡಿದು ಮೊದಲ ಸಲೂನಿಗೆ ಹೋದಾಗ ಅಲ್ಲಿನ ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಜನರ ತಲೆಗೆ ಬಣ್ಣ ಹಾಕಿದ್ದೀಯಮ್ಮ?" ಡಮ್ಮಿ ತಲೆಯ ಮೇಲೆ ಹತ್ತಾರು ಸಲ ಮಾಡಿದ್ದೆ. ಮನುಷ್ಯರ ತಲೆ ಎರಡೇ. ಅದೂ ಬುಡದ ನರೆ ಮುಚ್ಚುವ ಕೆಲಸ. ಅವರು ಆ ಪ್ರಶ್ನೆ ಯಾಕೆ ಕೇಳಿದರು ಅಂತ ಮೂರನೇ ವಾರ ಗೊತ್ತಾಯಿತು.

ಆ ವಾರ ಬಂದ ಕ್ಲೈಂಟ್ ಒಬ್ಬರ ಕೂದಲು ಕಪ್ಪು, ಭುಜದವರೆಗೆ ಉದ್ದ, ಒಮ್ಮೆಯೂ ಬಣ್ಣ ಕಂಡಿರಲಿಲ್ಲ. ಎರಡು ಶೇಡ್ ತಿಳಿ ಕಂದು ಬೇಕಿತ್ತು. ಕೂದಲನ್ನು ತಿಳಿ ಮಾಡಿ ಬಣ್ಣ ಹಿಡಿಸುವ ಡೆವಲಪರ್, 6% ನದ್ದು, ಬಣ್ಣಕ್ಕೆ ಕಲಸಿ, ಕ್ಲಾಸಿನಲ್ಲಿ ಮಾಡಿದ ಹಾಗೇ ಬುಡದಿಂದ ತುದಿಯವರೆಗೆ ಹಚ್ಚಿದೆ. 35 ನಿಮಿಷ ಬಿಟ್ಟು ತೊಳೆದು ನೋಡಿದರೆ ಬುಡದಲ್ಲಿ ಬೆರಳಗಲ ಕಿತ್ತಳೆ, ಅದರ ಕೆಳಗೆ ಗಾಢ ಕಂದು.

ನೆತ್ತಿಯ ಬಿಸಿಗೆ ಬುಡದಲ್ಲಿ ಡೆವಲಪರ್ ಬೇಗ ಕೆಲಸ ಮಾಡುತ್ತದೆ. ಹಾಗಾಗಿ ಬಣ್ಣ ಕಾಣದ ಕೂದಲನ್ನು ತಿಳಿ ಮಾಡುವಾಗ ಬುಡದಿಂದ ಒಂದು ಇಂಚು ಬಿಟ್ಟು ಮೊದಲು ಉದ್ದಕ್ಕೆ ಹಚ್ಚಬೇಕು, ಬುಡಕ್ಕೆ ಕೊನೆಗೆ. ನರೆ ಮುಚ್ಚುವಾಗ ಬುಡವೇ ಮೊದಲು. ಡಮ್ಮಿ ತಲೆಗೆ ಬಿಸಿ ಇಲ್ಲವಲ್ಲ, ಅದರ ಮೇಲೆ ಎಷ್ಟು ಸಲ ಮಾಡಿದರೂ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಅವತ್ತು ಮೇಡಂ ಬುಡಕ್ಕೆ ಮಾತ್ರ ಒಂದು ಶೇಡ್ ಗಾಢವಾದ, ಬೂದು ಛಾಯೆಯ ಬಣ್ಣ ಹಚ್ಚಿ ಕಿತ್ತಳೆಯನ್ನು ತಗ್ಗಿಸಿದರು.

ಆ ಕ್ಲೈಂಟ್ ಮತ್ತೆ ಬಂದರು, ಅದು ನನ್ನ ಪುಣ್ಯ. ಬಂದವರು ಹೇಳಿದ್ದು ಬೇರೆಯೇ ಮಾತು: "ನೀವು ಅವತ್ತು ಏನೂ ಕೇಳದೆ ಬಣ್ಣ ಕಲಸೋಕೆ ಹೋದ್ರಿ. ಆಗಲೇ ನನಗೆ ಅನುಮಾನ ಬಂತು." ಗೋಡೆಯ ಮೇಲಿನ ಸರ್ಟಿಫಿಕೇಟ್ ಅವರು ನೋಡಿರಲೇ ಇಲ್ಲ. ನೋಡಿದ್ದು ನಾನು ಕೂದಲು ಬಿಡಿಸಿ ನೋಡಿದೆನಾ, ಹಿಂದೆ ಮೆಹಂದಿ, ಡೈ ಏನಾದರೂ ಹಚ್ಚಿದ್ದರಾ, ಅಲರ್ಜಿ ಇದೆಯಾ ಅಂತ ಕೇಳಿದೆನಾ ಅನ್ನುವುದನ್ನು.

ಈಗ ನನ್ನದೇ ಸಲೂನ್ ಇದೆ. ಕೆಲಸ ಕೇಳಿ ಬಂದವರ ಸರ್ಟಿಫಿಕೇಟಿನಲ್ಲಿ ನಾನು ಹುಡುಕುವುದು ಕೋರ್ಸಿನ ಹೆಸರನ್ನಲ್ಲ. ಮನುಷ್ಯರ ತಲೆಯ ಮೇಲೆ ಎಷ್ಟು ಕೆಲಸ ಮಾಡಿಸಿದ್ದಾರೆ, ಅದರ ಲೆಕ್ಕ ಬರೆದಿಟ್ಟಿದ್ದಾರಾ ಅಂತ ಕೇಳುತ್ತೇನೆ. ಆಮೇಲೆ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, "ಇವರಿಗೆ ತಿಳಿ ಕಂದು ಬೇಕು" ಅಂತ ಹೇಳಿ ಸುಮ್ನೆ ನಿಲ್ಲುತ್ತೇನೆ. ಅವತ್ತೇ ಬಣ್ಣ ಹಚ್ಚಲು ಬಿಡುವುದಿಲ್ಲ. 48 ಗಂಟೆ ಮೊದಲು ಅಲರ್ಜಿ ನೋಡುವ ಪ್ಯಾಚ್ ಟೆಸ್ಟ್ ಆಗಬೇಕು ಅನ್ನುವ ಮಾತು ಅವರ ಬಾಯಿಂದಲೇ ಬರಬೇಕು.

ಈಚೆಗೆ ಬಂದ ಹುಡುಗಿಯದು ಚಿಕ್ಕ ಕೋರ್ಸ್. ಆದರೆ ಅವಳು ಬಟ್ಟಲು ಮುಟ್ಟಲಿಲ್ಲ. ಕೂದಲನ್ನು ನಾಲ್ಕು ಭಾಗ ಮಾಡಿ ಹಿಂದಿನಿಂದ ಎತ್ತಿ ನೋಡಿದಳು. "ತುದಿಯಲ್ಲಿ ಹಳೆಯ ಡೈ ಇದೆ ಅಲ್ವಾ?" ಅಂತ ಕೇಳಿದಳು. ಇತ್ತು. ಹಾಗಾದರೆ ಬಣ್ಣದ ಮೇಲೆ ಬಣ್ಣ ಹಚ್ಚಿದರೆ ತುದಿ ತಿಳಿಯಾಗಲ್ಲ, ಮೊದಲು ಒಂದು ಎಳೆಯಲ್ಲಿ ನೋಡಬೇಕು ಅಂದಳು. ಅವಳನ್ನು ತೆಗೆದುಕೊಂಡೆ. ಬ್ಲೀಚ್ ಮಾತ್ರ ಇನ್ನೂ ಒಬ್ಬಳಿಗೇ ಬಿಟ್ಟಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದೇನೆ.